ಒರಿಜಿನಲ್ ತೋರಿಸಿ, ಜೊತೆಗೇ ಒಯ್ಯಿರಿ

“ಎಲ್ಲಾ ನೌಕರರ ಗಮನಕ್ಕೆ. ವಾರ್ಷಿಕ ದಾಖಲೆ ಪರಿಶೀಲನೆಯ ಸಲುವಾಗಿ ತಮ್ಮ ತಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಐಟಿಐ ಅಥವಾ ಡಿಪ್ಲೊಮಾ ಸರ್ಟಿಫಿಕೇಟ್ ಹಾಗೂ ಹಿಂದಿನ ಕಂಪನಿಯ ಅನುಭವ ಪತ್ರಗಳ ಒರಿಜಿನಲ್‌ಗಳನ್ನು ಹದಿನೈದು ದಿನಗಳ ಒಳಗಾಗಿ ಆಫೀಸಿಗೆ ತಂದು ಕೊಡತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮಕ್ಕೆ ತಾವೇ ಹೊಣೆಗಾರರು. — ಮ್ಯಾನೇಜರ್.”

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಈ ನೋಟಿಸನ್ನು ಟೈಪ್ ಮಾಡಿ, ಸೀಲು ಒತ್ತಿ, ಪಂಚಿಂಗ್ ಮಷಿನ್ ಪಕ್ಕದ ಬೋರ್ಡಿಗೆ ಅಂಟಿಸಿದವಳು ನಾನು. ಅಲ್ಲಿ ನಾನು ಹಲವು ವರ್ಷ ಆಫೀಸ್ ಕೆಲಸ ನೋಡಿಕೊಂಡಿದ್ದೆ. ಹಾಜರಿ, ಸಂಬಳ, ಪಿಎಫ್, ಇಎಸ್‌ಐ ಎಲ್ಲ ನನ್ನ ಮೇಜಿನ ಮೇಲೇ ಇರುತ್ತಿತ್ತು. ಸುಮಾರು ಅರವತ್ತು ಜನ ಕೆಲಸಗಾರರಿದ್ದರು. ಟರ್ನರ್‌ಗಳು, ಫಿಟ್ಟರ್‌ಗಳು, ಸಿಎನ್‌ಸಿ ಆಪರೇಟರ್‌ಗಳು, ಕ್ವಾಲಿಟಿ ವಿಭಾಗದ ಕೆಲವು ಹೆಣ್ಣುಮಕ್ಕಳು, ಹೆಲ್ಪರ್‌ಗಳು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿ ಕೊಡುವುದು ನಮ್ಮ ಕಸುಬು. ಎಚ್ಆರ್ ಎಂಬ ಪ್ರತ್ಯೇಕ ವಿಭಾಗ ಇರಲಿಲ್ಲ. ಮ್ಯಾನೇಜರ್ ಸಾರ್ ಹೇಳುವುದು, ನಾನು ಮಾಡುವುದು, ಅಷ್ಟೇ.

ಆ ನೋಟಿಸಿನ ಹಿಂದೆ ಯಾರಿಗೂ ಕೇಡು ಬಗೆಯುವ ಉದ್ದೇಶ ಇರಲಿಲ್ಲ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯವರು ವರ್ಷಕ್ಕೊಮ್ಮೆ ಆಡಿಟ್‌ಗೆ ಬರುತ್ತಿದ್ದರು. ಐಎಸ್‌ಒ 9001 ಸರ್ಟಿಫಿಕೇಟ್ ಇಟ್ಟುಕೊಂಡ ಯಾವ ಕಾರ್ಖಾನೆಯೇ ಆಗಲಿ, ಯಂತ್ರದ ಮುಂದೆ ನಿಂತವನಿಗೆ ಆ ಕೆಲಸದ ಅರ್ಹತೆ ಇದೆ ಎಂಬುದಕ್ಕೆ ದಾಖಲೆ ಇಟ್ಟಿರಬೇಕು. ಆಡಿಟರ್ ಶಾಪಿನಲ್ಲಿ ಓಡಾಡುತ್ತ ಒಬ್ಬ ಆಪರೇಟರನ ಹೆಸರು ಬರೆದುಕೊಂಡು ಬಂದು, “ಇವರ ಫೈಲ್ ತೋರಿಸಿ” ಅನ್ನುತ್ತಿದ್ದರು. ಫೈಲ್ ತೆರೆದರೆ ಅದರೊಳಗೆ ಜೆರಾಕ್ಸಿನ ಜೆರಾಕ್ಸ್. ಅಂಕಿ ಮಸುಕು, ಸೀಲು ಕಪ್ಪು ಮಚ್ಚೆ. “ಇದರ ಒರಿಜಿನಲ್ ಯಾರಾದರೂ ನೋಡಿದ್ದೀರಾ?” ಎಂದು ಆಡಿಟರ್ ಒಮ್ಮೆ ಕೇಳಿದರು. ಆ ಪ್ರಶ್ನೆಯಿಂದ ಹುಟ್ಟಿದ್ದು ಈ ನೋಟಿಸು.

ಆದರೆ ಬೋರ್ಡಿನ ಮುಂದೆ ನಿಂತು ಓದಿದವರಿಗೆ ಐಎಸ್‌ಒ ಕಾಣಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಮೂರು ಮಾತು: ಒರಿಜಿನಲ್, ತಂದು ಕೊಡತಕ್ಕದ್ದು, ಮುಂದಿನ ಕ್ರಮ. ಮಧ್ಯಾಹ್ನದ ಊಟದ ಹೊತ್ತಿಗೆ ಶಾಪಿನಲ್ಲೆಲ್ಲ ಗುಸುಗುಸು. ಕಂಪನಿ ಮಾರುತ್ತಾರಂತೆ, ಅರ್ಧ ಜನರನ್ನು ತೆಗೆಯುತ್ತಾರಂತೆ, ಕೆಲಸ ಬಿಟ್ಟು ಹೋಗದ ಹಾಗೆ ಸರ್ಟಿಫಿಕೇಟ್ ಹಿಡಿದಿಟ್ಟುಕೊಳ್ಳುತ್ತಾರಂತೆ. ಬಾಗಲಕೋಟೆ ಕಡೆಯ ಹಿರಿಯ ಟರ್ನರ್ ಒಬ್ಬರು ಸಂಜೆ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಅಕ್ಕಾರ, ಇಪ್ಪತ್ತು ವರ್ಷ ದುಡದೇನ್ರಿ ಇಲ್ಲೆ. ಈಗ ಒರಿಜಿನಲ್ ಯಾಕ ಬೇಕಾತ್ರಿ? ಮಾರ್ಕ್ಸ್ ಕಾರ್ಡ್ ಏನ್ ವರ್ಷಾ ವರ್ಷಾ ಬದಲಾಕ್ಕೈತೇನ್ರಿ?”

ಅವರ ಎರಡನೆಯ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೌದು, ಮಾರ್ಕ್ಸ್ ಕಾರ್ಡ್ ಬದಲಾಗುವುದಿಲ್ಲ. ಹಾಗಾದರೆ ವರ್ಷ ವರ್ಷ ನೋಡಬೇಕಾದದ್ದು ಯಾವುದನ್ನು? ಮುಂದಿನ ವರ್ಷಗಳಲ್ಲಿ ಆ ಕೆಲಸ ಮಾಡುತ್ತ ಮಾಡುತ್ತ ಇದಕ್ಕೆ ಉತ್ತರ ಸಿಕ್ಕಿತು.

ಮೊದಲು ಎದುರಾದ ತೊಡಕು ಹದಿನೈದು ದಿನದ ಗಡುವು. ಪೀಣ್ಯದಲ್ಲಿ ದುಡಿಯುವವರ ಒರಿಜಿನಲ್‌ಗಳು ಪೀಣ್ಯದಲ್ಲಿ ಇರುವುದಿಲ್ಲ. ಜಾಲಹಳ್ಳಿ ಕ್ರಾಸಿನ ಆಚೆ ಒಂದೇ ಕೋಣೆಯಲ್ಲಿ ನಾಲ್ಕು ಹುಡುಗರು ಬಾಡಿಗೆಗಿದ್ದರೆ ಸರ್ಟಿಫಿಕೇಟ್ ಎಲ್ಲಿಡುತ್ತಾರೆ? ಅವು ಊರಿನಲ್ಲಿ ಅಮ್ಮನ ಟ್ರಂಕಿನ ತಳದಲ್ಲಿ, ಜಮೀನಿನ ಪಹಣಿಯ ಜೊತೆ ಇರುತ್ತವೆ. ಮದುವೆಯಾದ ಹೆಣ್ಣುಮಕ್ಕಳದ್ದು ಇನ್ನೂ ತವರುಮನೆಯಲ್ಲೇ ಇರುತ್ತದೆ. ತರಬೇಕೆಂದರೆ ಎರಡು ದಿನ ರಜೆ ಹಾಕಿ, ಸಂಬಳ ಕಳೆದುಕೊಂಡು, ಬಸ್ ಚಾರ್ಜು ಕೊಟ್ಟು ಹೋಗಿ ಬರಬೇಕು. ಇದನ್ನು ಮ್ಯಾನೇಜರ್ ಸಾರ್‌ಗೆ ಹೇಳಿದೆ. ಅವರು ಕೇಳುವ ಮನುಷ್ಯರು. “ಹಾಗಾದರೆ ಯಾವಾಗ ತರಬಲ್ಲರು?” ಅಂದರು. ಆಯುಧಪೂಜೆ ಮುಗಿಸಿ ಊರಿಗೆ ಹೋಗುವವರು ಕೆಲವರು, ದೀಪಾವಳಿಗೆ ಹೋಗುವವರು ಕೆಲವರು. ಗಡುವನ್ನು ದೀಪಾವಳಿ ಕಳೆದು ಎರಡು ವಾರಕ್ಕೆ ಮುಂದೂಡಿದೆವು. ಯಾರೂ ಇದಕ್ಕೆಂದೇ ರಜೆ ಹಾಕಬೇಕಾಗಲಿಲ್ಲ.

ಎರಡನೆಯದು “ತಂದು ಕೊಡತಕ್ಕದ್ದು” ಎಂಬ ಮಾತು. ಅರವತ್ತು ಜನರ ಒರಿಜಿನಲ್‌ಗಳನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟು, ಬಿಡುವಾದಾಗ ನೋಡಿ ಹಿಂದಿರುಗಿಸುವುದು ಎಂಬುದು ಸಾರ್ ಮನಸ್ಸಿನಲ್ಲಿದ್ದ ಲೆಕ್ಕ. ಆ ಬೀರುವಿನಲ್ಲಿ ಒಂದು ಹಾಳೆ ಹೆಚ್ಚುಕಡಿಮೆಯಾದರೆ ಹೊಣೆ ಯಾರದು? ಒಬ್ಬರದು ಇನ್ನೊಬ್ಬರ ಕವರಿಗೆ ಹೋದರೆ? ಕೊನೆಗೆ ನಾವು ಕಟ್ಟಿಕೊಂಡ ಕ್ರಮ ಹೀಗಿತ್ತು. ದಿನಕ್ಕೆ ಐದೋ ಆರೋ ಜನ, ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಬರುವುದು. ಅವರು ಎದುರಿಗೆ ಕೂತಿರುವಾಗಲೇ ನಾನು ಒರಿಜಿನಲ್ ಬಿಡಿಸಿ ನೋಡುವುದು. ಅದರ ಜೆರಾಕ್ಸನ್ನು ಅಲ್ಲೇ ತೆಗೆದು, ಅದರ ಮೇಲೆ “ಅಸಲು ನೋಡಿ ತಾಳೆ ಮಾಡಿದೆ” ಎಂಬ ಸೀಲು ಒತ್ತಿ, ದಿನಾಂಕ ಹಾಕಿ ಸಹಿ ಮಾಡುವುದು. ಒರಿಜಿನಲ್ ಅವರ ಕೈಗೆ ವಾಪಸ್. ರಿಜಿಸ್ಟರಿನಲ್ಲಿ “ನನ್ನ ಅಸಲು ದಾಖಲೆಗಳನ್ನು ವಾಪಸ್ ಪಡೆದಿದ್ದೇನೆ” ಎಂಬ ಸಾಲಿನ ಮುಂದೆ ಅವರ ಸಹಿ. ಹತ್ತು ನಿಮಿಷದ ಕೆಲಸ. ಒಂದು ರಾತ್ರಿಯೂ ಯಾರ ಒರಿಜಿನಲ್ಲೂ ನಮ್ಮ ಆಫೀಸಿನಲ್ಲಿ ಉಳಿಯಲಿಲ್ಲ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ನೋಡುವುದೆಂದರೆ ಅಂಕ ನೋಡುವುದಲ್ಲ. ಯಾರು ಗಣಿತದಲ್ಲಿ ಎಷ್ಟು ತೆಗೆದರು ಎಂಬುದು ನಮಗೆ ಬೇಕಿರಲಿಲ್ಲ. ನೋಡಬೇಕಾದದ್ದು ಹೆಸರು, ತಂದೆ ತಾಯಿಯ ಹೆಸರು, ರಿಜಿಸ್ಟರ್ ನಂಬರು, ಪಾಸಾದ ವರ್ಷ, ಎಲ್ಲಕ್ಕಿಂತ ಮುಖ್ಯವಾಗಿ ಹುಟ್ಟಿದ ದಿನಾಂಕ. ಹುಟ್ಟಿದ ದಿನಾಂಕ ಅಂಕಿಯಲ್ಲೂ ಅಕ್ಷರದಲ್ಲೂ ಇದ್ದರೆ ಎರಡನ್ನೂ ಓದಬೇಕು. ಜೆರಾಕ್ಸಿನಲ್ಲಿ ತಿದ್ದುವವರು ಅಂಕಿಯನ್ನು ಮಾತ್ರ ತಿದ್ದುತ್ತಾರೆ, ಅಕ್ಷರದ ಸಾಲಿಗೆ ಕೈಹಾಕುವುದು ಕಷ್ಟ. ಒರಿಜಿನಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕೆರೆದ ಜಾಗದಲ್ಲಿ ಕಾಗದ ತೆಳ್ಳಗೆ ಕಾಣುತ್ತದೆ. ಬೆರಳಾಡಿಸಿದರೆ ನುಣುಪು ತಪ್ಪಿರುವುದು ತಿಳಿಯುತ್ತದೆ. ಜೆರಾಕ್ಸಿನಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ. ಒರಿಜಿನಲ್ಲನ್ನು ಒಮ್ಮೆ ಕಣ್ಣಾರೆ ನೋಡಬೇಕು ಎನ್ನುವುದಕ್ಕೆ ಇದೇ ಕಾರಣ.

ಈ ಕೆಲಸದಲ್ಲಿ ನನಗೆ ಬಹಳ ನೋವು ಕೊಟ್ಟದ್ದು ಲ್ಯಾಮಿನೇಷನ್. ಕಾಗದ ಹಾಳಾಗಬಾರದೆಂದು ಅಪ್ಪಂದಿರು ಪೇಟೆಗೆ ಹೋಗಿ, ಮಕ್ಕಳ ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ಕಿನೊಳಗೆ ಸೇರಿಸಿ ಬಿಸಿ ಒತ್ತಿಸಿಕೊಂಡು ಬಂದಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಅದಾದ ಮೇಲೆ ಕಾಗದದ ಮೇಲಿನ ಉಬ್ಬು ಸೀಲು ಕೈಗೆ ಸಿಗುವುದಿಲ್ಲ, ಹಿಂಬದಿಯಲ್ಲಿ ಯಾವ ಅಧಿಕಾರಿಯೂ ಸೀಲು ಸಹಿ ಹಾಕಲಾಗುವುದಿಲ್ಲ. ಗಲ್ಫ್ ದೇಶದ ಕೆಲಸಕ್ಕೆಂದು ದೃಢೀಕರಣಕ್ಕೆ ಕೊಟ್ಟವರು ಇದೇ ಕಾರಣಕ್ಕೆ ತೊಂದರೆಗೆ ಸಿಕ್ಕಿಕೊಂಡದ್ದನ್ನು ಕಂಡಿದ್ದೇನೆ. ಕೀಳಲು ಹೋದರೆ ಅಕ್ಷರವೇ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತದೆ. ಒಂದು ಪಾರದರ್ಶಕ ಕವರಿನಲ್ಲಿ ಮಡಿಸದೆ ಇಟ್ಟರೆ ಸಾಕು ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ.

ಆ ಹಿರಿಯ ಟರ್ನರ್ ದೀಪಾವಳಿ ಮುಗಿಸಿ ಊರಿಂದ ಬಂದರು. ಅವರ ನಿಜವಾದ ಹೆಸರು ಬೇಡ, ಮೌನೇಶ ಎಂದು ಇಟ್ಟುಕೊಳ್ಳೋಣ. ಅದು 2019ನೇ ಇಸವಿ. ಮಾರ್ಕ್ಸ್ ಕಾರ್ಡನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. ಅದರಲ್ಲಿ ಹೆಸರು “ಬಡಿಗೇರ ಎಂ.ಕೆ.” ಎಂದಿತ್ತು, ಹುಟ್ಟಿದ ದಿನಾಂಕ 1-6-1964. ಪಕ್ಕದಲ್ಲಿ ಅವರ ಆಧಾರ್ ಇಟ್ಟೆ. ಅದರಲ್ಲಿ “ಮೌನೇಶ ಕಾಳಪ್ಪ ಬಡಿಗೇರ”, 1-1-1962. ಕಂಪ್ಯೂಟರಿನಲ್ಲಿ ಪಿಎಫ್ ದಾಖಲೆ ತೆಗೆದೆ. ಅಲ್ಲಿ ಬರೀ “ಮೌನೇಶ”, 1-6-1966. ಒಬ್ಬರೇ ಮನುಷ್ಯ, ಮೂರು ಹೆಸರು, ಮೂರು ವಯಸ್ಸು.

ಯಾವುದೂ ಮೋಸದಿಂದ ಆದದ್ದಲ್ಲ. ಶಾಲೆಯಲ್ಲಿ ಉತ್ತರ ಕರ್ನಾಟಕದ ಪದ್ಧತಿಯಂತೆ ಅಡ್ಡಹೆಸರು ಮೊದಲು ಬರೆದು, ತಮ್ಮ ಹೆಸರು ತಂದೆಯ ಹೆಸರುಗಳನ್ನು ಮೊದಲಕ್ಷರಕ್ಕೆ ಇಳಿಸಿದ್ದರು. ಆಧಾರ್ ಮಾಡಿಸುವಾಗ ಮಾರ್ಕ್ಸ್ ಕಾರ್ಡ್ ಜೊತೆಗಿರಲಿಲ್ಲ. ಅಂದಾಜು ವಯಸ್ಸು ಹೇಳಿದ್ದರು, ಅದು ಜನವರಿ ಒಂದನೇ ತಾರೀಖಾಗಿ ಅಚ್ಚಾಗಿತ್ತು. ಪಿಎಫ್ ದಾಖಲೆ ಅವರು ಹಿಂದೆ ದುಡಿದ ಕಂಪನಿಯಿಂದ ಬಂದದ್ದು. ಅಲ್ಲಿ ಯಾರೋ ಅವಸರದಲ್ಲಿ ಬರೆದ 4, ಕಂಪ್ಯೂಟರಿಗೆ ಏರಿಸಿದವರಿಗೆ 6 ಆಗಿ ಕಂಡಿರಬೇಕು.

“ಹುಟ್ಟಿದ್ದು ಖರೇ ಯಾವಾಗ್ರಿ?” ಎಂದು ಕೇಳಿದೆ. “ಅವ್ವ ಸುಗ್ಗಿಯೊಳಗ ಅಂತಿದ್ಲ್ರಿ. ಜೂನ್ ಒಂದು ಮಾಸ್ತರ್ರು ಬರಕೊಂಡಿದ್ದು” ಅಂದರು. ನಮ್ಮಲ್ಲಿ ಒಂದು ತಲೆಮಾರಿನವರ ಕತೆಯೇ ಇದು. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಹೊಂದುವಂತೆ ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ಕಾರ್ಖಾನೆಯಲ್ಲೇ ಐವತ್ತು ದಾಟಿದವರಲ್ಲಿ ಜೂನ್ ಒಂದರಂದು ಹುಟ್ಟಿದವರು ಎಷ್ಟೋ ಮಂದಿ ಇದ್ದರು. ಆ ತಾರೀಖು ದಿಟವಲ್ಲದೇ ಇರಬಹುದು. ಆದರೆ ಜನನ ಪ್ರಮಾಣಪತ್ರ ಇಲ್ಲದ ಇಂಥವರ ವಯಸ್ಸಿಗೆ ಸರಕಾರ ಸಾಮಾನ್ಯವಾಗಿ ಒಪ್ಪುವ ಆಧಾರ ಅದೇ. ಮಿಕ್ಕ ಎಲ್ಲ ಕಾಗದಗಳೂ ಅದಕ್ಕೇ ಹೊಂದಬೇಕು.

ಹೊಂದದಿದ್ದರೆ ಏನಾಗುತ್ತದೆ? ಮೌನೇಶ ಅವರಿಗೆ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. 1995ರ ನವೆಂಬರಿನಲ್ಲಿ ಜಾರಿಗೆ ಬಂದ ಪಿಎಫ್ ಪಿಂಚಣಿ ಯೋಜನೆಯಲ್ಲಿ ಪೂರ್ಣ ಪಿಂಚಣಿಯ ವಯಸ್ಸು 58. ಮಾರ್ಕ್ಸ್ ಕಾರ್ಡಿನ ಪ್ರಕಾರ ಅವರಿಗೆ 58 ತುಂಬುವುದು 2022ರ ಜೂನಿನಲ್ಲಿ. ಕಂಪನಿ ಅವರನ್ನು ಆಗ ನಿವೃತ್ತಿ ಮಾಡುತ್ತದೆ. ಆದರೆ ಪಿಎಫ್ ಕಚೇರಿಯ ಕಂಪ್ಯೂಟರಿನಲ್ಲಿ ಆ ದಿನ ಅವರಿಗೆ ಬರೀ 56. ಅವರ ಮುಂದೆ ಎರಡು ದಾರಿ ಇರುತ್ತವೆ: ಇನ್ನೂ ಎರಡು ವರ್ಷ ಪಿಂಚಣಿಯಿಲ್ಲದೆ ಕಾಯುವುದು, ಇಲ್ಲವೇ ಅವಧಿಗೆ ಮುಂಚಿನ ಪಿಂಚಣಿ ತೆಗೆದುಕೊಳ್ಳುವುದು. ಮುಂಚೆ ತೆಗೆದುಕೊಂಡರೆ 58ಕ್ಕೆ ಕಡಿಮೆಯಾದ ಪ್ರತಿ ವರ್ಷಕ್ಕೂ ಶೇಕಡಾ 4ರಂತೆ ಕಡಿತ. ತಿಂಗಳಿಗೆ 2,500 ರೂಪಾಯಿ ಬರಬೇಕಾದ ಕಡೆ ಎರಡು ವರ್ಷದ ಕಡಿತ ಹೋಗಿ ಸುಮಾರು 2,300 ಬರುತ್ತದೆ. ಇನ್ನೂರು ರೂಪಾಯಿ ದೊಡ್ಡದಲ್ಲ ಅನ್ನಿಸಬಹುದು. ಆದರೆ ಆ ಕಡಿತ ಬದುಕಿರುವವರೆಗೆ ಪ್ರತಿ ತಿಂಗಳೂ ಇರುತ್ತದೆ. 4 ಇದ್ದ ಕಡೆ 6 ಕಂಡದ್ದಕ್ಕೆ ಒಬ್ಬ ಕೆಲಸಗಾರ ಇಷ್ಟು ತೆರಬೇಕಾಗುತ್ತದೆ.

ಹೆಸರಿನದ್ದು ಬೇರೆ ಪೇಚು. ಆಧಾರ್ ಹೆಸರಿಗೂ ಪಿಎಫ್ ಹೆಸರಿಗೂ ತಾಳೆಯಾಗದಿದ್ದರೆ ಎರಡೂ ಜೋಡಣೆಯಾಗುವುದಿಲ್ಲ. 2021ರ ಸೆಪ್ಟೆಂಬರಿನಿಂದ ಆಧಾರ್ ಜೋಡಣೆಯಾಗದ ನೌಕರನ ಪಿಎಫ್ ವಂತಿಗೆಯನ್ನು ಕಟ್ಟಲೇ ಆಗದಂಥ ನಿಯಮ ಬಂತು. ಆಗ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಎಷ್ಟೋ ಜನ ತಿದ್ದುಪಡಿಗೆ ಓಡಾಡುತ್ತಿದ್ದರೆ, ನಮ್ಮಲ್ಲಿ ಬಹುಪಾಲು ಜನರದ್ದು ಅಷ್ಟರಲ್ಲಿ ಸರಿಹೋಗಿತ್ತು.

ತಿದ್ದುವುದಕ್ಕೆ ಒಂದು ಸರದಿ ಇದೆ, ಅದನ್ನು ತಪ್ಪಿಸಿದರೆ ಕೆಲಸ ಕೆಡುತ್ತದೆ. ಮೊದಲು ಆಧಾರ್. ಮೌನೇಶ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದು ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ ಹುಟ್ಟಿದ ದಿನಾಂಕವನ್ನು 1-6-1964 ಎಂದು ಸರಿಮಾಡಿಸಿಕೊಂಡರು. ಹೋಗುವ ಮೊದಲೇ ಅವರಿಗೆ ಹೇಳಿದ್ದೆ, ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಅಲ್ಲಿ ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲಿ ಓದಿ ನೋಡದೆ ಒಪ್ಪಬೇಡಿ ಎಂದು. ಆಧಾರ್ ಸರಿಯಾಗಿ ಬಂದ ಮೇಲೆ ಪಿಎಫ್. ಅದಕ್ಕೆ ಜಂಟಿ ಘೋಷಣೆ ಎಂಬ ಅರ್ಜಿ. ನೌಕರನೂ ಕಂಪನಿಯೂ ಇಬ್ಬರೂ ಸಹಿ ಮಾಡಿ, ದಾಖಲೆಯಲ್ಲಿರುವುದು ಇದು, ಇರಬೇಕಾದದ್ದು ಇದು, ಅದಕ್ಕೆ ಆಧಾರ ಇದು ಎಂದು ಬರೆದು ಕೊಡಬೇಕಿತ್ತು. ಕಂಪನಿಯ ಸಹಿ ಅಲ್ಲಿ ಬರೀ ಶಾಸ್ತ್ರಕ್ಕಾಗಿರಲಿಲ್ಲ. ನಾವು ಒರಿಜಿನಲ್ ನೋಡಿದ್ದೇವೆ ಎಂಬ ಮಾತಿಗೆ ಅದೇ ಸಾಕ್ಷಿ. ನಾವು ನಿಜವಾಗಿ ನೋಡಿದ್ದರಿಂದ ಮ್ಯಾನೇಜರ್ ಸಾರ್ ಧೈರ್ಯವಾಗಿ ಸಹಿ ಹಾಕಿದರು. ಕೆಲವು ತಿಂಗಳಲ್ಲಿ ತಿದ್ದುಪಡಿ ಆಯಿತು. ಮೂರು ವರ್ಷದ ನಂತರ ಮೌನೇಶ ನಿವೃತ್ತರಾದಾಗ ಅವರ ಪಿಂಚಣಿ ಅರ್ಜಿ ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಆಮೇಲೆ 2024ರ ಜನವರಿಯಲ್ಲಿ ಪಿಎಫ್ ಸಂಸ್ಥೆ ಹುಟ್ಟಿದ ದಿನಾಂಕಕ್ಕೆ ಒಪ್ಪುವ ದಾಖಲೆಗಳ ಪಟ್ಟಿಯಿಂದ ಆಧಾರನ್ನೇ ಕೈಬಿಟ್ಟಿತು. ಜನನ ಪ್ರಮಾಣಪತ್ರ, ಶಾಲೆಯ ಮಾರ್ಕ್ಸ್ ಕಾರ್ಡ್‌ನಂಥವು ಉಳಿದುಕೊಂಡವು. ಅಮ್ಮನ ಟ್ರಂಕಿನಲ್ಲಿದ್ದ ಹಾಳೆಗೆ ಈಗ ಇನ್ನಷ್ಟು ಬೆಲೆ ಬಂದಿದೆ.

ಮೌನೇಶ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಾರ್ಕ್ಸ್ ಕಾರ್ಡ್ ಬದಲಾಗುವುದಿಲ್ಲ, ಅದರ ಸುತ್ತಲಿನ ಕಾಗದಗಳು ಬದಲಾಗುತ್ತವೆ. ಆಧಾರ್ ತಿದ್ದಿಸುತ್ತಾರೆ, ಬ್ಯಾಂಕ್ ಖಾತೆ, ಫೋನ್ ನಂಬರು ಬದಲಾಗುತ್ತವೆ, ಮದುವೆಯಾಗುತ್ತದೆ. ಮದುವೆಯ ಮಾತು ಸಣ್ಣದಲ್ಲ. ಮದುವೆಗೆ ಮುಂಚೆ ಪಿಎಫ್‌ಗೆ ಅಣ್ಣನ ಹೆಸರೋ ಸ್ನೇಹಿತನ ಹೆಸರೋ ನಾಮಿನಿಯಾಗಿ ಕೊಟ್ಟಿದ್ದರೆ, ಮದುವೆಯಾದ ಕೂಡಲೇ ಆ ನಾಮಿನೇಷನ್ ಕಾನೂನಿನಂತೆ ಬಿದ್ದುಹೋಗುತ್ತದೆ, ಹೊಸದಾಗಿ ಕೊಡಬೇಕು. ಗ್ರಾಚ್ಯುಟಿಯಲ್ಲೂ ಕುಟುಂಬವಾದ ಮೇಲೆ ಹೊರಗಿನವರ ಹೆಸರಿನ ನಾಮಿನೇಷನ್ ನಿಲ್ಲುವುದಿಲ್ಲ. ನಮ್ಮ ಮೇಜಿಗೆ ಬಂದ ಹುಡುಗರಲ್ಲಿ ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಹಳೆಯ ನಾಮಿನಿಯನ್ನೇ ಉಳಿಸಿಕೊಂಡವರಿದ್ದರು. ಮರೆತಿದ್ದರು, ಅಷ್ಟೇ. ಕೆಲಸಗಾರನಿಗೆ ಏನಾದರೂ ಆಗಿಬಿಟ್ಟರೆ ಹೆಂಡತಿ ಮಕ್ಕಳು ಆ ಹಣಕ್ಕೆ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗುತ್ತದೆ. ವರ್ಷಕ್ಕೊಮ್ಮೆ ಕೇಳಬೇಕಾದ ಪ್ರಶ್ನೆ ಇದು.

ಎಲ್ಲ ಕತೆಯೂ ಮೌನೇಶ ಅವರದರಂತೆ ಮುಗಿಯಲಿಲ್ಲ. ಒಬ್ಬ ಹುಡುಗ ಫಿಟ್ಟರ್ ಟ್ರೇಡಿನ ಐಟಿಐ ಸರ್ಟಿಫಿಕೇಟ್ ತಂದ. ಕಾಗದ ಚೆನ್ನಾಗಿತ್ತು, ಸೀಲು ಸಹಿ ಎಲ್ಲ ಇತ್ತು. ಓದುತ್ತ ಹೋದಾಗ ತರಬೇತಿಯ ಅವಧಿ ಒಂದು ವರ್ಷ ಎಂದು ಕಂಡಿತು. ವೆಲ್ಡರ್ ಟ್ರೇಡ್ ಒಂದು ವರ್ಷದ್ದು. ಫಿಟ್ಟರ್, ಟರ್ನರ್ ಎರಡು ವರ್ಷದವು. ಮ್ಯಾನೇಜರ್ ಸಾರ್ ಐಟಿಐ ಪ್ರಿನ್ಸಿಪಾಲರಿಗೆ ಜೆರಾಕ್ಸ್ ಲಗತ್ತಿಸಿ ಪತ್ರ ಬರೆದರು. ಆ ನಂಬರಿನಲ್ಲಿ ಅಂಥ ವಿದ್ಯಾರ್ಥಿ ಇಲ್ಲ ಎಂದು ಉತ್ತರ ಬಂತು. ಹುಡುಗನನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಕೂರಿಸಿ ಕೇಳಿದರು. ಒಬ್ಬ ದಲ್ಲಾಳಿಗೆ ಅಪ್ಪ ಸಾಲ ಮಾಡಿ ದುಡ್ಡು ಕೊಟ್ಟಿದ್ದರು. ಹುಡುಗ ಅಳುತ್ತ ಎಲ್ಲ ಹೇಳಿದ. ಕೆಲಸದಲ್ಲಿ ಚುರುಕಾಗಿದ್ದ, ಆದರೆ ಫಿಟ್ಟರ್ ಎಂದು ಅವನ ಹೆಸರನ್ನು ಆಡಿಟ್ ಪಟ್ಟಿಯಲ್ಲಿ ತೋರಿಸುವುದು ಸುಳ್ಳಾಗುತ್ತಿತ್ತು. ಅವನನ್ನು ಹೆಲ್ಪರ್ ಆಗಿ ಉಳಿಸಿಕೊಂಡು, ಆ ಕಾಗದವನ್ನು ಮುಂದೆ ಎಲ್ಲೂ ತೋರಿಸಬಾರದೆಂದು ಬರೆಸಿಕೊಂಡರು. ಶಾಪಿನಲ್ಲಿ ಯಾರಿಗೂ ವಿಷಯ ತಿಳಿಯಲಿಲ್ಲ. ಹೆದರಿಸಿ ಹೊರಹಾಕುವುದು ಸುಲಭವಿತ್ತು. ಮೋಸ ಹೋದ ಮನೆಯವರ ಸಾಲವನ್ನು ನೆನೆದು ಸಾರ್ ಹಾಗೆ ಮಾಡಲಿಲ್ಲ. ಅದು ಸರಿಯಾದ ತೀರ್ಮಾನ ಎಂದು ಇಂದಿಗೂ ನಂಬಿದ್ದೇನೆ.

ಇನ್ನೊಬ್ಬಳು ಕ್ವಾಲಿಟಿ ವಿಭಾಗದ ಡಿಪ್ಲೊಮಾ ಹುಡುಗಿ. ಗಡುವು ಮುಗಿದರೂ ಬರಲಿಲ್ಲ. ಕರೆದು ಕೇಳಿದರೆ ಕಣ್ಣಲ್ಲಿ ನೀರು. “ಮೇಡಂ, ನನ್ನ ಒರಿಜಿನಲ್ಸ್ ಎಲ್ಲ ಹಿಂದಿನ ಕಂಪನಿಯಲ್ಲೇ ಇವೆ. ಸೇರುವಾಗ ಇಸ್ಕೊಂಡ್ರು. ಎರಡು ವರ್ಷದೊಳಗೆ ಬಿಟ್ಟೆ ಅಂತ ದುಡ್ಡು ಕಟ್ಟಿದ್ರೆ ಮಾತ್ರ ಕೊಡ್ತೀವಿ ಅಂತಾರೆ” ಅಂದಳು. ಮೊದಲ ದಿನ ನೋಟಿಸ್ ಓದಿ ಅವಳು ಎಷ್ಟು ಹೆದರಿರಬೇಕು ಎಂದು ಆಗ ನನಗೆ ಅರ್ಥವಾಯಿತು. ಅವಳಿಗೆ ಬಾಯಿಮಾತಿನ ಬೇಡಿಕೆ ಬಿಟ್ಟು ಬರವಣಿಗೆಯಲ್ಲಿ ಕೇಳಲು ಹೇಳಿದೆ. ಯಾವ ಯಾವ ದಾಖಲೆ, ಅವುಗಳ ರಿಜಿಸ್ಟರ್ ನಂಬರು, ಯಾವ ದಿನ ಯಾರ ಕೈಗೆ ಕೊಟ್ಟದ್ದು, ಇಷ್ಟು ದಿನದೊಳಗೆ ವಾಪಸ್ ಬೇಕು ಎಂಬುದನ್ನೆಲ್ಲ ಒಂದೇ ಪುಟದಲ್ಲಿ ಬರೆದು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಸ್ವೀಕೃತಿ ಚೀಟಿಯೊಡನೆ ಕಳಿಸಿದಳು. ಬಾಯಲ್ಲಿ ಇಲ್ಲವೆನ್ನುವುದು ಸುಲಭ. ಕಾಗದಕ್ಕೆ ಕಾಗದದಲ್ಲಿ ಇಲ್ಲವೆಂದು ಬರೆದು ಸಹಿ ಹಾಕುವುದು ಕಷ್ಟ. ಸ್ವಲ್ಪ ದಿನದಲ್ಲಿ ಕರೆದು ಕೊಟ್ಟುಬಿಟ್ಟರು.

ವಿದ್ಯಾರ್ಥಿಗಳ ಒರಿಜಿನಲ್‌ಗಳನ್ನು ಕಾಲೇಜುಗಳು ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಸ್ಪಷ್ಟವಾಗಿ ಅಧಿಸೂಚನೆ ಹೊರಡಿಸಿದೆ. ನೋಡಿ, ದೃಢೀಕರಿಸಿದ ಪ್ರತಿ ಇಟ್ಟುಕೊಂಡು, ಕೂಡಲೇ ವಾಪಸ್ ಕೊಡಿ ಎಂಬುದು ಅದರ ಸಾರ. ಆ ಅಧಿಸೂಚನೆ ಕಾರ್ಖಾನೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಅದರೊಳಗಿನ ನ್ಯಾಯ ಎಲ್ಲ ಕಡೆಗೂ ಒಂದೇ. ಆ ಹಾಳೆ ಓದಿದವನದು. ಕಂಪನಿಗೆ ಬೇಕಾದದ್ದು ಅದರೊಳಗಿನ ವಿವರ. ವಿವರ ನೋಡಿ ಬರೆದುಕೊಂಡ ಮೇಲೆ ಹಾಳೆಯ ಮೇಲೆ ಕಂಪನಿಗೆ ಯಾವ ಹಕ್ಕೂ ಇಲ್ಲ.

ಇಷ್ಟೆಲ್ಲ ಕಂಡ ಮೇಲೆ ಮುಂದಿನ ವರ್ಷ ನೋಟಿಸನ್ನೇ ಬೇರೆ ರೀತಿ ಬರೆದೆವು. ಸಾರ್ ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ:

“ಎಲ್ಲರ ಗಮನಕ್ಕೆ. ನಿಮ್ಮ ಪಿಎಫ್, ಪಿಂಚಣಿ, ಗ್ರಾಚ್ಯುಟಿ ದಾಖಲೆಗಳಲ್ಲಿ ಹೆಸರು ಮತ್ತು ಹುಟ್ಟಿದ ದಿನಾಂಕ ಸರಿ ಇದೆಯೇ ಎಂದು ನೋಡಲು ಪ್ರತಿ ವರ್ಷ ಈ ಪರಿಶೀಲನೆ ನಡೆಯುತ್ತದೆ. ಹೊಸದಾಗಿ ಸೇರಿದವರು ಮತ್ತು ಈ ವರ್ಷ ಹೊಸ ಸರ್ಟಿಫಿಕೇಟ್ ಪಡೆದವರು ಮಾತ್ರ ಒರಿಜಿನಲ್ ತನ್ನಿ. ನಿಮ್ಮ ಎದುರಿನಲ್ಲೇ ನೋಡಿ ಆಗಲೇ ನಿಮ್ಮ ಕೈಗೆ ಕೊಡಲಾಗುವುದು. ಹಿಂದೆ ತೋರಿಸಿದವರು ಮತ್ತೆ ತರಬೇಕಿಲ್ಲ. ಮದುವೆ, ಮಗು, ಆಧಾರ್ ತಿದ್ದುಪಡಿ, ಬ್ಯಾಂಕ್ ಖಾತೆ ಬದಲಾವಣೆ ಇದ್ದರೆ ಮಾತ್ರ ತಿಳಿಸಿ. ಕೊನೆಯ ದಿನ ದೀಪಾವಳಿ ಕಳೆದು ಎರಡು ವಾರ. ಒರಿಜಿನಲ್ ಕಳೆದಿದ್ದರೆ ಅಥವಾ ಬೇರೆಯವರ ಹತ್ತಿರ ಇದ್ದರೆ ಹೆದರಬೇಡಿ, ಬಂದು ಹೇಳಿ. — ಮ್ಯಾನೇಜರ್.”

ಆ ವರ್ಷ ಗುಸುಗುಸು ಇರಲಿಲ್ಲ. ಕೊನೆಯ ಸಾಲು ಓದಿಕೊಂಡು ಕೆಲವರು ತಾವಾಗೇ ಬಂದರು. ಒಬ್ಬರ ಮಾರ್ಕ್ಸ್ ಕಾರ್ಡ್ ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ಪೊಲೀಸರಲ್ಲಿ ಕಳೆದ ದೂರು ದಾಖಲಿಸಿ, ಅದರ ಪ್ರತಿಯೊಡನೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಬೋರ್ಡಿಗೆ ನಕಲು ಮಾರ್ಕ್ಸ್ ಕಾರ್ಡಿಗೆ ಅರ್ಜಿ ಹಾಕುವ ದಾರಿ ತೋರಿಸಿದೆವು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರ ಹೆಸರು ಇದ್ದುದರಿಂದ ಕೆಲಸ ಆಯಿತು.

ಈಗ ಡಿಜಿಲಾಕರ್ ಬಂದಿದೆ. ಅದರಲ್ಲಿ ಬೋರ್ಡೇ ನೇರವಾಗಿ ಹಾಕಿದ ಮಾರ್ಕ್ಸ್ ಕಾರ್ಡಿಗೆ ಒರಿಜಿನಲ್ಲಿಗೆ ಸಮನಾದ ಬೆಲೆಯನ್ನು ಕಾನೂನು ಕೊಟ್ಟಿದೆ. ಇತ್ತೀಚೆಗೆ ಪಾಸಾದವರಿಗೆ ಇದರಿಂದ ದೊಡ್ಡ ಅನುಕೂಲ. ಆದರೆ ನಾವೇ ಫೋಟೊ ತೆಗೆದು ಅದರೊಳಗೆ ಏರಿಸಿದ ಪ್ರತಿಗೆ ಆ ಬೆಲೆ ಇಲ್ಲ. ಮೌನೇಶ ಅವರ ಕಾಲದವರಿಗೆ ಇಂದಿಗೂ ಆ ಕಾಗದವೇ ಗತಿ.

ನೋಟಿಸ್ ಬರೆಯುವ ಮ್ಯಾನೇಜರುಗಳಲ್ಲಿ ನನ್ನ ಕೋರಿಕೆ ಇಷ್ಟು. ಯಾಕೆ ಬೇಕು ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಒರಿಜಿನಲ್ಲನ್ನು ಒಬ್ಬರಿಂದ ಒಂದೇ ಸಲ ಕೇಳಿ, ಅವರ ಕಣ್ಣೆದುರಿಗೇ ನೋಡಿ, ಕೂಡಲೇ ವಾಪಸ್ ಕೊಡಿ. ದುಡಿಯುವವರಲ್ಲಿ ಇನ್ನೊಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ಟ್ರಂಕು ತೆರೆದು ಮಾರ್ಕ್ಸ್ ಕಾರ್ಡ್ ಹೊರತೆಗೆಯಿರಿ. ಅದರ ಪಕ್ಕದಲ್ಲಿ ಆಧಾರ್ ಇಡಿ, ಫೋನಿನಲ್ಲಿ ಪಿಎಫ್ ದಾಖಲೆ ತೆರೆಯಿರಿ. ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಯಾವ ನೋಟಿಸಿಗೂ ಕಾಯದೆ ಈ ವರ್ಷವೇ ತಿದ್ದಿಸಿಕೊಳ್ಳಿ, ಏಕೆಂದರೆ ಕಂಪನಿಯ ಸಹಿ ಬೇಕಾಗಿ ಬಂದರೆ, ಕೆಲಸದಲ್ಲಿರುವಾಗ ಸಿಗುವಷ್ಟು ಸುಲಭವಾಗಿ ಅದು ನಿವೃತ್ತಿಯಾದ ಮೇಲೆ ಸಿಗುವುದಿಲ್ಲ.